ಒಂಬತ್ತನೇ ಪ್ಯಾರಾ

ಮಾವ ಅಮ್ಮನ ಬಲಗೈಯನ್ನು ಎರಡು ಸಲ ಮುರಿದ. ಮೊದಲನೆಯದನ್ನು ಮೇಲ್ಮನವಿಯ ಒಂಬತ್ತನೇ ಪ್ಯಾರಾದಲ್ಲಿ ಹೇಗೆ ಬರೆಯುವುದು ಎಂದು ನಾವು ತಲೆ ಕೆಡಿಸಿಕೊಂಡಿದ್ದಾಗಲೇ ಎರಡನೆಯದೂ ಆಗಿಹೋಯಿತು.

ಮಾವ ಎಂದರೆ ಅಮ್ಮನ ಒಬ್ಬನೇ ತಮ್ಮ. ರಟ್ಟಿನ ಡಬ್ಬ ಮಾಡುವ ಸಣ್ಣ ಕಾರ್ಖಾನೆ ಅವನದು. ಅದಕ್ಕಾಗಿ ಅವನು ಬ್ಯಾಂಕಿನಲ್ಲಿ ಹತ್ತು ಲಕ್ಷದ ಮಿತಿಯ ಸಾಲ ಎತ್ತಿದಾಗ ಅಮ್ಮ ಜಾಮೀನು ನಿಂತು, ಮನೆಯ ಪತ್ರ ಒತ್ತೆ ಇಟ್ಟಿದ್ದಳು. ಮೂರು ವರ್ಷದ ಮೇಲೆ ಬ್ಯಾಂಕು ಆ ಮಿತಿಯನ್ನು ನಲವತ್ತಕ್ಕೆ ಏರಿಸಿತು. ಕಾರ್ಖಾನೆ ಮುಚ್ಚಿತು. ಒಂದು ದಿನ ಇಬ್ಬರು ಬಂದು ನಮ್ಮ ಬಾಗಿಲಿಗೆ ಸ್ವಾಧೀನದ ನೋಟೀಸು ಅಂಟಿಸಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು. ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಅಂದಿನಿಂದ ನಲವತ್ತೈದು ದಿನ. ಆ ದಿನಗಳನ್ನು ಮಾವ ತಿಂದ. "ಬ್ಯಾಂಕಿನೋರ ಹತ್ರ ಮಾತಾಡ್ತಿದೀನಕ್ಕ, ಇವತ್ತು ನಾಳೆ ಇತ್ಯರ್ಥ ಆಗತ್ತೆ" ಎನ್ನುತ್ತಲೇ ಇದ್ದ. ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತನ್ನು ನಾನು ತಂದುಕೊಟ್ಟು, ಅದಕ್ಕೆ ಸಹಿ ಹಾಕಿಯೂ ಅಮ್ಮ ಕಾದಳು. ನಲವತ್ಮೂರನೇ ದಿನ ನಾನೇ ಅವಳನ್ನು ಎಳೆದುಕೊಂಡು ಹೋಗಿ ವಕೀಲರ ಮುಂದೆ ಕೂರಿಸಿದೆ.

ಡಿಗ್ರಿ ಮುಗಿಸಿದ ಮೇಲೆ ನಾನು ಅವರ ಕಚೇರಿಯಲ್ಲೇ ಟೈಪ್ ಮಾಡುವ ಕೆಲಸಕ್ಕಿದ್ದೆ. ವಕೀಲರು ಐವತ್ತು ದಾಟಿದ ಹೆಂಗಸು. ಗಟ್ಟಿ ದನಿ, ಸದಾ ಬಾಯಲ್ಲೊಂದು ಲವಂಗ. ಬ್ಯಾಂಕು ಕೊಟ್ಟ ದಾಖಲೆಗಳ ನಡುವಿನಿಂದ ಒಂದು ಹಾಳೆ ಎತ್ತಿ ಮೇಜಿನ ಮೇಲೆ ಇಟ್ಟರು. ಮಿತಿ ಏರಿಸಲು ಜಾಮೀನುದಾರಳ ಒಪ್ಪಿಗೆ ಪತ್ರ. ಕೆಳಗೆ ಅಮ್ಮನ ಸಹಿ.

"ಇದು ನಿಮ್ದಾ?"

"ನನ್ನ ಥರಾನೇ ಇದೆ. ಆದ್ರೆ ನಂದಲ್ಲ ಮೇಡಂ."

"ಥರಾನೇ ಇದೆ ಅಂದ್ರೆ ನಡೆಯಲ್ಲಮ್ಮ. ಮೊದಲನೇ ಹತ್ತು ಲಕ್ಷಕ್ಕೆ ಜಾಮೀನು ನಿಂತಿದ್ದು ನಾವು ಇಲ್ಲ ಅನ್ನಲ್ಲ. ನಿಮ್ಮನ್ನ ಕೇಳದೆ ಸಾಲದ ಕರಾರು ಬದಲಾಯಿಸಿದ್ರೆ, ಬದಲಾದ ಮೇಲಿನ ವ್ಯವಹಾರಕ್ಕೆ ನೀವು ಹೊಣೆ ಅಲ್ಲ. ನಮ್ಮ ಕೇಸ್ ನಿಂತಿರೋದೇ ಅದರ ಮೇಲೆ. ನಿಮ್ಮನ್ನ ಕೇಳಿಲ್ಲ ಅನ್ನೋದಕ್ಕೆ ಗುರುತು ಬೇಕು."

ನಾನು ಪತ್ರದ ತಾರೀಖು ನೋಡುತ್ತಿದ್ದೆ.

"ಅಮ್ಮ, ಆಗ ನಿನ್ನ ಕೈಗೆ ಪಟ್ಟಿ ಹಾಕಿತ್ತಲ್ಲ."

ಹೌದು, ಹಾಕಿತ್ತು. ಆ ಪತ್ರದ ತಾರೀಖಿಗೆ ಹದಿನಾರು ದಿನ ಮುಂಚೆ ಮಾವ ಇದೇ ಒಪ್ಪಿಗೆ ಕೇಳಿಕೊಂಡು ಮನೆಗೆ ಬಂದಿದ್ದ. ಅಮ್ಮ ಆಗಲ್ಲ ಎಂದಳು. ಊರವರ ಬಟ್ಟೆ ಹೊಲಿಯುವ ಅಮ್ಮನ ಮೇಜಿನ ಮೇಲಿದ್ದ ಕಬ್ಬಿಣದ ಸ್ಕೇಲನ್ನು ಅವನು ಎತ್ತಿಕೊಂಡ. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ. ಮೊದಲ ಏಟಿನ ಸದ್ದು ಕೇಳಿತು. ಎರಡನೆಯದಕ್ಕೆ ಕಿವಿ ಮುಚ್ಚಿಕೊಂಡೆ. ಮುಂಗೈಯ ಎರಡೂ ಮೂಳೆ ಹೋದವು. ಆರು ವಾರ ಅಮ್ಮ ಸೂಜಿಗೆ ದಾರ ಕೂಡ ಪೋಣಿಸಲಿಲ್ಲ. ಸಹಿ ಮಾಡಲ್ಲ ಎಂದ ಕೈಯನ್ನು ಸಹಿ ಮಾಡಲಾಗದ ಹಾಗೆ ಮಾಡಿ, ಆಮೇಲೆ ತಾನೇ ಕೂತು ದುಂಡಗೆ ಸಹಿ ಮಾಡಿದ್ದ ಮಾವ. ಆ ಕೈ ಪಟ್ಟಿಯೊಳಗಿದೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಹೊಡೆದದ್ದು ಅವನ ಮಟ್ಟಿಗೆ ನೆನಪಿಡುವಂಥ ಸಂಗತಿಯಾಗಿರಲಿಲ್ಲ.

ವಕೀಲರು ಲವಂಗ ಉಗಿದರು. "ಆಸ್ಪತ್ರೆ ಚೀಟಿ ಇದ್ಯಾ? ಎಕ್ಸ್-ರೇ?"

"ಎಕ್ಸ್-ರೇ ಬೀರುನಲ್ಲಿದೆ" ಎಂದೆ. ಚೀಟಿ ಮನೆಯ ಕಾಗದಗಳ ಜೊತೆ ನನ್ನ ಚೀಲದಲ್ಲೇ ಇತ್ತು, ತೆಗೆದುಕೊಟ್ಟೆ. ಅವರ ಮುಖ ಅರಳಿ, ಮತ್ತೆ ಬಾಡಿತು.

"ಮೆಟ್ಟಿಲಿಂದ ಬಿದ್ದು ಅಂತ ಬರೆಸಿದ್ದೀರಲ್ಲ. ಯಾವ ಮೆಟ್ಟಿಲು?"

ಅಮ್ಮ ಸೆರಗಿನ ಅಂಚು ಸುತ್ತತೊಡಗಿದಳು.

"ಬ್ಯಾಂಕಿನ ಕಾಗದದಲ್ಲಿ ನಿಮ್ಮ ಮನೆ ವಿವರ ನೋಡಿ. ಬರೀ ನೆಲಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಶೀಟು. ಅವರ ವಕೀಲ ಮೊದಲು ಕೇಳೋದೇ ಇದು. ಮೆಟ್ಟಿಲೇ ಇಲ್ಲದ ಮನೆಯಲ್ಲಿ ಮೆಟ್ಟಿಲಿಂದ ಬಿದ್ರಾ ಅಂತ. ಚೀಟಿ ಸುಳ್ಳು ಅಂದ್ರೆ ಪಟ್ಟಿನೂ ಸುಳ್ಳು, ಎಲ್ಲಾ ಸುಳ್ಳು."

"ಬೇರೆಯವರ ಮನೆ ಮೆಟ್ಟಿಲು ಅಂತ ಹಾಕಿ."

"ಯಾರ ಮನೆದು ಹೇಳಿ, ಅವರನ್ನ ಸಾಕ್ಷಿಗೆ ಕರೆಸೋಣ." ವಕೀಲರು ಕನ್ನಡಕ ತೆಗೆದರು. "ನೋಡಿಯಮ್ಮ, ಇದರ ಕೊನೆಗೆ ದೃಢೀಕರಣ ಅಂತ ಇರತ್ತೆ. ಮೇಲೆ ಬರೆದಿದ್ದೆಲ್ಲ ನಿಜ ಅಂತ ನೋಟರಿ ಮುಂದೆ ನೀವು ಪ್ರಮಾಣ ಮಾಡ್ಬೇಕು. ಪ್ರತಿ ಪುಟಕ್ಕೂ ಸಹಿ. ಒಂಬತ್ತನೇ ಪ್ಯಾರಾ ಖಾಲಿ ಬಿಟ್ಟಿರ್ತೀನಿ. ಕೈ ಹೇಗೆ ಮುರೀತು ಅಂತ ನಾಳೆ ಹತ್ತು ಗಂಟೆಗೆ ಬಂದು ಹೇಳಿ."

"ಅವನು ಜೈಲಿಗೆ ಹೋಗ್ತಾನೆ."

"ನೀವು ಬೀದಿಗೆ ಹೋಗ್ತೀರಿ."

ಮನೆಗೆ ಬಂದ ಅಮ್ಮ ಮಾಡಿದ ಮೊದಲ ಕೆಲಸ ತಮ್ಮನಿಗೆ ಫೋನು ಹಚ್ಚಿದ್ದು. ಅವನನ್ನು ಅವಳು ಕರೆಯುವುದೇ ಮರಿ ಎಂದು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಇವಳಿಗೆ ಹದಿಮೂರು. ಸೊಂಟದ ಮೇಲೆ ಹೊತ್ತು ಸಾಕಿದವಳು. "ಮರಿ, ವಕೀಲರು ಹಿಂಗಂತಾರೆ ಕಣೋ. ಎಕ್ಸ್-ರೇ ಕೊಡ್ಬೇಕಂತೆ. ಏನು ಮಾಡ್ಲಿ ಹೇಳು?" ಎಂದು ಅವನನ್ನೇ ಕೇಳಿದಳು. ನನಗೆ ಫೋನು ಕಿತ್ತುಕೊಳ್ಳಬೇಕೆನಿಸಿತು. ಕಿತ್ತುಕೊಳ್ಳಲಿಲ್ಲ. ಎಷ್ಟೋ ಸಲ ಹಾಗೇ ಮಾಡಿದ್ದೇನೆ.

ಮರುದಿನ ಬೆಳಗ್ಗೆ ಎಂಟಕ್ಕೇ ಬಂದ. ಚಪ್ಪಲಿ ಬಿಡಲಿಲ್ಲ. ಅಮ್ಮ ಹೊರಡುವ ಆತುರದಲ್ಲಿ ಒಂದು ರವಿಕೆಗೆ ಇಸ್ತ್ರಿ ಹಾಕುತ್ತಿದ್ದಳು.

"ಎಕ್ಸ್-ರೇ ಎಲ್ಲಕ್ಕ?"

"ಕೂತ್ಕೊಳೋ ಮೊದ್ಲು. ತಿಂಡಿ ಆಯ್ತಾ?"

"ತಿಂಡಿ ಆಮೇಲೆ ತಿನ್ತೀನಿ. ನನ್ನ ಕೈಗೆ ಕೋಳ ಹಾಕಿಸ್ತೀಯಾ? ನನ್ನ ಮಕ್ಕಳ ಅನ್ನ ಕಿತ್ಕೋತೀಯಾ? ಎಲ್ಲಾ ಈ ಮೂಗಿ ಕಿತಾಪತಿ" ಎಂದು, ಅವನೆದುರು ಬಾಯಿಬಿಡದ ನನ್ನ ಕಡೆ ನೋಡಿದ. "ಎರಡಕ್ಷರ ಓದಿಬಿಟ್ಲು, ಕೋರ್ಟಂತೆ!"

ಬೀರುವಿನ ಬಾಗಿಲು ತೆಗೆದು ಬಟ್ಟೆ ಎಳೆದೆಳೆದು ನೆಲಕ್ಕೆ ಎಸೆದ. ಎಕ್ಸ್-ರೇ ಕಂದು ಲಕೋಟೆಯಲ್ಲಿ ಸೀರೆಗಳ ಅಡಿಯಲ್ಲಿತ್ತು. ಅಮ್ಮ ಓಡಿಹೋಗಿ ಅದರ ಮೇಲೆ ಕೈಯಿಟ್ಟಳು. ಬಲಗೈ. ಅವನು ಅವಳ ಮುಖ ನೋಡಿದ. ಆಮೇಲೆ ಕೈ ನೋಡಿದ. ಆಮೇಲೆ ಬೀರುವಿನ ಉಕ್ಕಿನ ಬಾಗಿಲನ್ನು ಎರಡೂ ಕೈಯಿಂದ ದಢಾರನೆ ಹಾಕಿದ. ತೆಗೆದು, ಮತ್ತೊಮ್ಮೆ ಹಾಕಿದ.

ಅಮ್ಮನ ಬಾಯಿಂದ ಬಂದದ್ದು ಕೂಗಲ್ಲ. ಉಸಿರು ಒಳಗೇ ಹರಿದಂಥ ಸದ್ದು. ಅವಳು ಕುಸಿದಳು, ಕೈ ಮಾತ್ರ ಬಾಗಿಲ ಸಂದಿಯಲ್ಲಿ ನೇತಾಡುತ್ತಿತ್ತು. ಬೆರಳುಗಳಿಂದ ರಕ್ತ ಇಳಿದು ಬಿಳಿ ಲಂಗವೊಂದನ್ನು ನೆನೆಸುತ್ತಿತ್ತು. ಮಾವ ಲಕೋಟೆಯಿಂದ ಎಕ್ಸ್-ರೇ ಎಳೆದು ಹರಿಯಲು ನೋಡಿದ. ಅದು ಹರಿಯಲಿಲ್ಲ. ತಿರುಚಿದ, ಹಲ್ಲಿನಲ್ಲಿ ಕಚ್ಚಿ ಎಳೆದ, ಮತ್ತೆ ತಿರುಚಿದ. ಅದು ವಡವಡ ಎನ್ನುತ್ತ ಮತ್ತೆ ನೆಟ್ಟಗಾಗುತ್ತಿತ್ತು. ಸಿಟ್ಟಿಗೆ ಅಮ್ಮನ ಪಕ್ಕೆಗೆ ಒದ್ದ. ಇನ್ನೊಮ್ಮೆ ಒದೆಯಲು ಕಾಲೆತ್ತಿದ.

ಇಸ್ತ್ರಿ ಪೆಟ್ಟಿಗೆ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ವೈರು ಕಿತ್ತು ಬಂದದ್ದು ನೆನಪಿದೆ. ಅವನ ಕಿವಿಯ ಹಿಂದಕ್ಕೆ ಬೀಸಿದೆ. ಕೂದಲು ಸುಟ್ಟ ವಾಸನೆ ಬಂತು. ಅವನು ಗೋಡೆಗೆ ಒರಗಿ, ತಲೆ ಮುಟ್ಟಿಕೊಂಡು, ಕೆಂಪಾದ ಅಂಗೈಯನ್ನು ಆಶ್ಚರ್ಯದಿಂದ ನೋಡಿದ. ನಾನು ಮತ್ತೆ ಎತ್ತಿದೆ. ನನಗೆ ನಿಲ್ಲಿಸುವ ಮನಸ್ಸಿರಲಿಲ್ಲ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವನು ಎಕ್ಸ್-ರೇ ಬಿಟ್ಟು ಬಾಗಿಲ ಕಡೆ ಓಡಿದ. "ನಿಮ್ಮಿಬ್ಬರ ಹೆಣ ಇದೇ ಮನೆಯಿಂದ ಎತ್ತಿಸ್ತೀನಿ" ಎಂದು ಬೀದಿಯಿಂದ ಕೂಗಿದ. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯ ಫಾರಂ ಮುಂದಿಟ್ಟುಕೊಂಡು ಕೇಳಿದ, "ಹೇಗಾಯ್ತು?"

"ಬಿದ್ದೆ" ಎಂದಳು ಅಮ್ಮ, ಯೋಚಿಸದೆಯೇ.

ವೈದ್ಯ ಬರೆಯಲು ಬಗ್ಗಿದ. ಮಡಿಲಲ್ಲಿದ್ದ ಎಕ್ಸ್-ರೇಯನ್ನು ಅವಳ ಮುಂದೆ ಹಿಡಿದೆ. ಅದರಲ್ಲಿ ಮಾವನ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ಅವಳು ಅದನ್ನೇ ಬಹಳ ಹೊತ್ತು ನೋಡಿದಳು.

"ಇಲ್ಲ ಡಾಕ್ಟ್ರೇ" ಎಂದಳು. "ಬಿದ್ದೆ ಅನ್ನೋದನ್ನ ಹೊಡೆದು ಹಾಕಿ. ನನ್ನ ತಮ್ಮ ಬೀರು ಬಾಗಿಲಿಗೆ ಹಾಕಿ ಮುರಿದ. ಹಿಂದಿನದೂ ಅವನೇ. ಹಾಗೇ ಬರ್ಕೊಳ್ಳಿ."

ಸಂಜೆ ನಾಲ್ಕಕ್ಕೆ ವಕೀಲರ ಕಚೇರಿಯಲ್ಲಿ ಅಮ್ಮ ಹೇಳಿದಳು, ನಾನು ಟೈಪ್ ಮಾಡಿದೆ. 'ಮೇಲ್ಮನವಿದಾರಳ ಬಲ ಮುಂಗೈಯನ್ನು ಸಾಲಗಾರನಾದ ಆಕೆಯ ಸಹೋದರನು, ಆಕೆ ಒಪ್ಪಿಗೆ ನೀಡಲು ನಿರಾಕರಿಸಿದ್ದಕ್ಕಾಗಿ, ಕಬ್ಬಿಣದ ಸ್ಕೇಲಿನಿಂದ ಮುರಿದನು. ಮೆಟ್ಟಿಲಿನಿಂದ ಬಿದ್ದುದಾಗಿ ಆಕೆ ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು. ಸಹೋದರನನ್ನು ಉಳಿಸಲು ಹಾಗೆ ಹೇಳಿದಳು.' ಸುಳ್ಳು ಎಂಬ ಪದ ಟೈಪ್ ಮಾಡುವಾಗ ನನ್ನ ಬೆರಳು ತಡೆಯಿತು. "ಹಾಕು ಗುಬ್ಬಿ, ಅದೇ ಪದ ಹಾಕು" ಎಂದಳು.

ಇಸ್ತ್ರಿ ಪೆಟ್ಟಿಗೆಯ ವಿಷಯ ನಾನು ತಲೆ ತಗ್ಗಿಸಿ ಹೇಳಿದಾಗ ವಕೀಲರು, "ಅದು ಈ ಅರ್ಜಿಗೆ ಸಂಬಂಧ ಇಲ್ಲ. ಪೊಲೀಸ್ ದೂರು ಕೊಡ್ತೀವಲ್ಲ, ಅದರಲ್ಲಿ ಮಾತ್ರ ಮುಚ್ಚಿಡಬೇಡ, ಅವನೇ ಹೇಳ್ತಾನೆ" ಎಂದು, ಹೊಸ ಲವಂಗ ಬಾಯಿಗೆ ಹಾಕಿಕೊಂಡು, "ಪೆಟ್ಟಿಗೆ ಇನ್ನೂ ಕೆಲಸ ಮಾಡತ್ತಾ?" ಎಂದು ಕೇಳಿದರು.

ಸಹಿ ಮಾತ್ರ ಉಳಿದಿತ್ತು. ಅಮ್ಮನ ಬಲಗೈ ಮೊಣಕೈವರೆಗೆ ಬೆಳ್ಳಗೆ ಮಲಗಿತ್ತು. ನಲವತ್ತೈದನೇ ದಿನ ಬೆಳಗ್ಗೆ ನೋಟರಿಯ ಮುಂದೆ, ಇಪ್ಪತ್ತಾರು ಪುಟ, ನಾಲ್ಕು ಪ್ರತಿ, ನೂರಾ ನಾಲ್ಕು ಸಲ ಅವಳ ಎಡ ಹೆಬ್ಬೆರಳನ್ನು ನಾನು ಶಾಯಿಗೆ ಒತ್ತಿ ಹಾಳೆಗೆ ಒತ್ತಿದೆ. ನೋಟರಿ ಮುದುಕ ಇಡೀ ಮನವಿಯನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದ. ಒಂಬತ್ತಕ್ಕೆ ಬಂದಾಗ ದನಿ ತಗ್ಗಿಸಿದ. "ಜೋರಾಗೇ ಓದಿ ಸ್ವಾಮಿ, ನಂಗೆ ಕೇಳಿಸ್ಬೇಕು" ಎಂದಳು. ಬಲಗೈಗೆ ಪೆಟ್ಟಾದ್ದರಿಂದ ಎಡ ಹೆಬ್ಬೆರಳ ಗುರುತು, ಓದಿ ಹೇಳಲಾಗಿದೆ ಎಂದು ಬರೆದು ಅವನು ಮೊಹರು ಹಾಕಿದ.

ನ್ಯಾಯಮಂಡಳಿಯ ದಾಖಲಾತಿ ಕೌಂಟರಿನಲ್ಲಿ ಗುಮಾಸ್ತ ಪುಟ ಎಣಿಸಿದ, ಶುಲ್ಕದ ಡಿಡಿ ನೋಡಿದ, ತಡೆಯಾಜ್ಞೆ ಅರ್ಜಿ ಲಗತ್ತಾಗಿದೆಯೇ ನೋಡಿದ. ಆಮೇಲೆ ವಕಾಲತ್ತನ್ನು ತೆಗೆದು ಮನವಿಯ ಪಕ್ಕ ಇಟ್ಟ.

"ಇಲ್ಲಿ ಚೆಂದಾಗಿ ಸಹಿ ಇದೆ, ಅಲ್ಲಿ ಹೆಬ್ಬೆಟ್ಟು. ಓದು ಬರಹ ಬರೋರು ಯಾಕಮ್ಮ ಹೆಬ್ಬೆಟ್ಟು ಒತ್ತಿದ್ದೀರಿ?"

ವಕೀಲರು ಉತ್ತರಿಸಲು ಮುಂದಾದರು. ಅಮ್ಮ ಅವರನ್ನು ಎಡಗೈಯಿಂದ ತಡೆದಳು. ಸಾಲಿನಲ್ಲಿ ನಮ್ಮ ಹಿಂದೆ ಹತ್ತು ಹನ್ನೆರಡು ಜನರಿದ್ದರು.

"ಸಹಿ ಮಾಡೋ ಕೈಯನ್ನ ನನ್ನ ತಮ್ಮ ಮೊನ್ನೆ ಮುರಿದ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಹಿಂದೆ ಮುರಿದಿದ್ದು ಒಂಬತ್ತನೇ ಪ್ಯಾರಾದಲ್ಲಿದೆ. ಓದ್ಕೊಳ್ಳಿ."

"ಮೊನ್ನೆ ಅಲ್ಲಮ್ಮ, ನಿನ್ನೆ" ಎಂದೆ ನಾನು. ನನ್ನ ದನಿಯೂ ಜೋರಾಗಿಯೇ ಬಂತು.

ಗುಮಾಸ್ತ ಓದಿದ. ಅವಳ ಪಟ್ಟಿ ನೋಡಿದ. ತಾರೀಖಿನ ಮೊಹರನ್ನು ತೆಗೆದು, ಅಂದಿನ ದಿನ ಸರಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಂಡು, ಮೊದಲ ಪುಟಕ್ಕೆ ಬಲವಾಗಿ ಗುದ್ದಿದ. ಆ ಸದ್ದಿಗೆ ಅಮ್ಮನೂ ನಾನೂ ಒಟ್ಟಿಗೆ ಬೆಚ್ಚಿಬಿದ್ದೆವು.

ನಾಲ್ಕು ದಿನದ ಮೇಲೆ ನ್ಯಾಯಮಂಡಳಿ, ಒಪ್ಪಿಗೆ ಪತ್ರದ ಮೂಲಪ್ರತಿ ತರುವಂತೆ ಬ್ಯಾಂಕಿಗೆ ಹೇಳಿತು. ಅಲ್ಲಿಯವರೆಗೆ ಮನೆಯನ್ನು ಮುಟ್ಟುವಂತಿಲ್ಲ. ಗೆದ್ದೆವೆಂದಲ್ಲ, ಬಾಗಿಲಿಗೆ ನೋಟೀಸು ಇನ್ನೂ ಅಂಟಿಕೊಂಡೇ ಇದೆ. ಅದರ ಕೆಳಗೆ ಅಮ್ಮ ಎಡಗೈಯಿಂದ, ಸೊಟ್ಟ ಅಕ್ಷರಗಳಲ್ಲಿ, ಒಂದು ಚೀಟಿ ಬರೆದು ಅಂಟಿಸಿದ್ದಾಳೆ: ಹೊಲಿಗೆ ಎರಡು ತಿಂಗಳು ಇಲ್ಲ.

ಯಾಕೆ ಎಂದು ಕೇಳಿದವರಿಗೆಲ್ಲ ಕಾರಣ ಹೇಳುತ್ತಾಳೆ.