ಗೋಡೆಯ ಗೆರೆಯೊಳಗೆ

ಪುರಸಭೆಯ ಪತ್ರ ಬಂದದ್ದು ಅವಳ ಹೆಸರಿಗೆ. ಹೊಸ ಮನೆ ಕಟ್ಟಲಿರುವ ನಿವೇಶನ ಅವಳದು, ಅಪ್ಪ ಕೊಟ್ಟದ್ದು. ಲಕೋಟೆ ಒಡೆದವನು ಮಾತ್ರ ಗಂಡ.

"ಇದೇನೇ? ಮುಂಭಾಗದ ನಕ್ಷೇಲಿ ಮಹಡಿ ಕಿಟಕಿ ಎರಡೂವರೆ ಅಡಿ ಹೊರಗೆ ಚಾಚಿದೆಯಂತೆ! ರಸ್ತೆ ಕಡೆ ಬಿಡಬೇಕಾದ ಜಾಗದ ಮೇಲೆ. ಪ್ಲಾನ್‌ನಲ್ಲಿ ಅಂಥ ಕಿಟಕೀನೇ ಇಲ್ಲ. ಆ ಆರ್ಕಿಟೆಕ್ಟ್ ಹುಡುಗಿಗೆ ಕನಸು ಬಿತ್ತಾ?"

ಅವಳು ಹುರುಳಿಕಾಯಿಯ ನಾರು ಬಿಡಿಸುತ್ತಲೇ ಇದ್ದಳು.

"ಕಿಟಕಿ ಹೊರಗೆ ಬಂದ್ರೆ ಒಳ್ಳೇದಲ್ವೇನೋ, ಗಾಳಿ ಬರುತ್ತೆ," ಎಂದರು ಅತ್ತೆ, ಕುರ್ಚಿಯಿಂದಲೇ.

"ಗಾಳಿ ಬರುತ್ತಮ್ಮ, ಪರ್ಮಿಷನ್ ಬರಲ್ಲ." ಅವನು ಪತ್ರವನ್ನು ಮೇಜಿನ ಮೇಲೆ ಒಗೆದ. "ಹದಿನೈದು ದಿನ ಟೈಮ್ ಕೊಟ್ಟಿದಾರೆ. ಈಗಲೇ ಅವಳಿಗೆ ಮೇಲ್ ಹಾಕು. ಕಿಟಕಿ ತೆಗೆದು ಮೊದಲಿನ ಹಾಗೇ ಮಾಡು ಅಂತ. ನಿನ್ನ ಹೆಸರಲ್ಲೇ ಹೋಗ್ಬೇಕು." ಹಾಗೆಂದು ಗಡ್ಡ ಹೆರೆಯಲು ಬಚ್ಚಲಿಗೆ ಹೋದ.

ಆ ಹುಡುಗಿಗೆ ಕನಸು ಬಿದ್ದಿರಲಿಲ್ಲ. ಕಿಟಕಿ ಕೇಳಿದ್ದು ಇವಳೇ.

ಎರಡು ತಿಂಗಳ ಹಿಂದೆ ಫೋನಿನಲ್ಲಿ, ದನಿ ತಗ್ಗಿಸಿ ಕೇಳಿದ್ದಳು: ಕಾಲು ಮಡಚಿ ಕೂರುವಷ್ಟು ಕಟ್ಟೆಯಿರುವ ಕಿಟಕಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಬಾಡಿಗೆ ಮನೆಗಳ ಯಾವ ಮೂಲೆಯೂ ಅವಳದಾಗಿರಲಿಲ್ಲ. ಪುಸ್ತಕ ಹಿಡಿದರೆ ಮಂಚದ ಅಂಚು, ಅಳು ಬಂದರೆ ಬಚ್ಚಲು. ಹೊಸ ಮನೆಯ ಮಹಡಿಯ ಕೋಣೆಯಲ್ಲೂ ರಸ್ತೆಯ ಕಡೆಯ ಗೋಡೆಗೆ ಗಂಡ ನಕ್ಷೆಯಲ್ಲಿ ಆರಡಿಯ ಬೀರು ಬರೆಸಿದ್ದ, ಅದರ ಮೇಲೆ ಸಣ್ಣ ಗವಾಕ್ಷಿ. ಹುಡುಗಿ ಮುಂಭಾಗದ ಎರಡು ಚಿತ್ರ ಕಳಿಸಿ, ಯಾವುದು ಫೈನಲ್ ಮೇಡಂ ಎಂದು ಕೇಳಿದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಇವಳು ಕಿಟಕಿಯಿದ್ದ ಎರಡನೆಯ ಚಿತ್ರ ಎಂದು ಬರೆದು ಕಳಿಸಿ, ಗಂಡನಿಗೆ ನಾಳೆ ಹೇಳೋಣ ಅಂದುಕೊಂಡಳು. ಆ ನಾಳೆ ಬಂದಿರಲಿಲ್ಲ. ಸಹಿಗೆ ಬಂದ ಹಾಳೆಗಳಿಗೆಲ್ಲ ತಲೆ ತಗ್ಗಿಸಿ, ನೋಡದೆಯೇ ಸಹಿ ಹಾಕಿದ್ದಳು.

ಈಗ ಕೈ ಒರೆಸಿಕೊಂಡು ಹುಡುಗಿಗೆ ಫೋನ್ ಮಾಡಿದಳು.

"ತಪ್ಪು ನಂದೂ ಇದೆ ಮೇಡಂ. ಎಲಿವೇಷನ್, ಅಂದ್ರೆ ಮುಂಭಾಗದ ಚಿತ್ರ ಒಂದನ್ನೇ ಬದಲಾಯಿಸಿದೆ, ಪ್ಲಾನ್, ಮನೆ ಸೀಳಿ ತೋರಿಸೋ ಸೆಕ್ಷನ್ ಎರಡೂ ಪುರಸಭೆಗೆ ಹಳೇವೇ ಹೋಗ್ಬಿಟ್ವು. ಅದೂ ಅಲ್ದೆ, ಕೂರೋ ಜಾಗ ಅಂದ್ರೆ ಅದು ಬಿಸಿಲು-ಮಳೆ ತಡೆಯೋ ಸಜ್ಜಾ ಥರ ಅಲ್ಲ, ಹೊರಗೆ ಚಾಚೋಕೆ ಬಿಡೋದೇ ಇಲ್ಲ. ನಾನೇ ನಿಮಗೆ ಹೇಳ್ಬೇಕಿತ್ತು. ತೆಗೆದುಬಿಡಲಾ?"

"ಒಳಗೆ ಎಳೆದ್ರೆ?"

"ಗೋಡೆ ಗೆರೆ ದಾಟದಿದ್ರೆ ಅವರ ತಕರಾರಿಲ್ಲ. ಆದ್ರೆ ಅಲ್ಲಿ ಸರ್ ಹೇಳಿದ ಬೀರು ಇದೆ. ಅರ್ಧ ಹೋಗುತ್ತೆ."

"ಗೊತ್ತು."

"ಸರ್ ಒಪ್ತಾರಾ?"

"ನೀನು ಮೇಲ್ ನೋಡು," ಎಂದು ಫೋನ್ ಇಟ್ಟಳು.

'ತೆಗೆದುಹಾಕಿ' ಎಂದು ಶುರು ಮಾಡಿದ ಸಾಲನ್ನು ಅಳಿಸಿ, ಮತ್ತೆ ಬರೆದಳು:

"ಪುರಸಭೆಯ ಆಕ್ಷೇಪಣಾ ಪತ್ರವನ್ನು ಲಗತ್ತಿಸಿದ್ದೇನೆ. ಮಹಡಿಯ ಮುಂದಿನ ಕಿಟಕಿ ಹೊರಗೆ ಚಾಚುವುದು ಬೇಡ. ಅದೇ ಅಗಲದ ಕಿಟಕಿ ಗೋಡೆಯ ಗೆರೆಯಲ್ಲೇ ಇರಲಿ. ಕೂರುವ ಕಟ್ಟೆ ಒಳಗೆ ಬರಲಿ, ಅದಕ್ಕಾಗಿ ಬೀರುವನ್ನು ಆರಡಿಯಿಂದ ಮೂರಡಿಗೆ ಇಳಿಸಿ. ಪ್ಲಾನ್, ಸೆಕ್ಷನ್, ಎಲಿವೇಷನ್ ಮೂರರಲ್ಲೂ ಒಂದೇ ಅಳತೆ ಇರಬೇಕು. ತಿದ್ದಿದ ಹಾಳೆಗಳ ಮೇಲೆ ಹೊಸ ದಿನಾಂಕ ಹಾಕಿ, ನಿಮ್ಮ ಸಹಿಯೊಂದಿಗೆ ಈ ವಾರದೊಳಗೆ ಕಳಿಸಿ. ಹೊರಚಾಚಿದ ಕಿಟಕಿಯನ್ನು ಕೇಳಿದ್ದು ನಾನೇ. ಮನೆಯಲ್ಲಿ ಹೇಳಿರಲಿಲ್ಲ."

ಕೊನೆಯ ಎರಡು ಸಾಲು ಆ ಹುಡುಗಿಗೆ ಬೇಕಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಮೇಲ್‌ನ ಪ್ರತಿ ಹೋಗಬೇಕಾದ ಕಡೆ ಗಂಡನ ವಿಳಾಸ ತುಂಬಿದಳು. ಅದನ್ನು ಬಿಟ್ಟೂ ಕಳಿಸಬಹುದಿತ್ತು. ಹಾಗೆ ಗುಟ್ಟಾಗಿ ಕಳಿಸಿದ ಕಿಟಕಿಯ ಗತಿ ಪುರಸಭೆಯ ಪತ್ರವಾಗಿ ಮೇಜಿನ ಮೇಲೇ ಬಿದ್ದಿತ್ತು. ಕಳಿಸುವ ಗುಂಡಿ ಒತ್ತಿದಳು.

ಬಚ್ಚಲ ಬಾಗಿಲಾಚೆ ಅವನ ಫೋನ್ ಟಿಣ್ ಎಂದಿತು. ನಲ್ಲಿಯ ಸದ್ದು ನಿಂತಿತು.

ಅವನು ಹೊರಗೆ ಬಂದ. ಅರ್ಧ ಮುಖದಲ್ಲಿ ನೊರೆ ಹಾಗೇ ಇತ್ತು. ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಅದೇ ಅವಳಿಗೆ ಹೆದರಿಕೆ.

"ಎರಡು ತಿಂಗಳು ನನ್ನ ಎದುರೇ ಕೂತಿದ್ಯಲ್ಲೇ," ಎಂದ.

"ಹೇಳೋಕೆ ಧೈರ್ಯ ಬರ್ಲಿಲ್ಲ ರೀ."

"ಅಷ್ಟು ಕೆಟ್ಟವನಾ ನಾನು?"

ಅತ್ತೆ ಮಗನನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ಹುರುಳಿಕಾಯಿಯ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ನಾರು ಬಿಡಿಸತೊಡಗಿದರು.

"ನನ್ನ ಬಟ್ಟೆ ಎಲ್ಲಿಡೋದು?" ಅವನ ದನಿ ಒಡೆದಿತ್ತು.

"ಉಳಿದರ್ಧದಲ್ಲಿ," ಎಂದಳು ಅವಳು.

ಅವನು ಮತ್ತೆ ಬಚ್ಚಲಿಗೆ ಹೋದ. ಬಾಗಿಲು ಹಾಕಲಿಲ್ಲ. ಅವಳ ಫೋನಿನಲ್ಲಿ ಹುಡುಗಿಯ ಉತ್ತರ ಬಂದಿತ್ತು: ಶುಕ್ರವಾರ ಮೂರೂ ಹಾಳೆ ಕಳಿಸ್ತೀನಿ ಮೇಡಂ, ಈ ಸಲ ನೋಡಿ ಸಹಿ ಹಾಕಿ.