ಲಾವಣಿ ಬೇಡ, ಖರೀದಿ ಮಾಡು

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಎಲ್ಲ ಇಲ್ಲಿಯೇ. ನನ್ನ ಹೆಸರು ಅಂಬಿಕಾ, ಜನ ಕರೆಯುವುದು ಝೆರಾಕ್ಸ್ ಅಕ್ಕ ಎಂದು. ಹದಿನಾಲ್ಕು ವರ್ಷ ಇದೇ ಕುರ್ಚಿಯಲ್ಲಿ ಕೂತು ನನಗೊಂದು ರೋಗ ಅಂಟಿದೆ. ಕೇಳದಿದ್ದರೂ ಸಲಹೆ ಕೊಡುವ ರೋಗ. ಅದರಿಂದ ರಾಧಿಕಾಳ ಕೆಲಸವೇ ತಪ್ಪಿಹೋಗುವುದಿತ್ತು.

ರಾಧಿಕಾ ಪಕ್ಕದ ಭಂಕೂರಿನ ಸೊಸೆ. ಐಟಿಐ ಎಲೆಕ್ಟ್ರಿಷಿಯನ್ ಪಾಸಾಗಿಯೂ ಮನೆಯಲ್ಲೇ ಉಳಿದಿದ್ದಳು. ಎರಡು ವರ್ಷದ ಹಿಂದೆ ಅತ್ತೆ ಮಾಣಿಕಮ್ಮನನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಳು. ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಕಲಿಸುವ ಒಂದು ಆ್ಯಪ್ ಅವಳ ಕಣ್ಣಿಗೆ ಬಿದ್ದಿತ್ತು.

"ಅಕ್ಕಾ, ಇದರಾಗ ಎರಡು ನಮೂನಿ ಅದ. ತಿಂಗಳಿಗೆ ಆರ್ನೂರು ಕೊಡೋದೊಂದು, ಒಮ್ಮೆಗೇ ಐದು ಸಾವಿರ ಕೊಟ್ರ ಲೈಫ್‌ಟೈಮ್ ಅಂತ ಒಂದು. ಯಾವ್ದು ತಗೋಲಿ?"

ನಮ್ಮ ಕಡೆ ಲಾವಣಿ ಎಂದರೆ ಹಾಡಲ್ಲ, ಬೇರೆಯವರ ಹೊಲವನ್ನು ಕರಾರಿಗೆ ಹಿಡಿದು ಉಳುವುದು. ಯುಗಾದಿಗೆ ಕರಾರು ಮುಗಿಯುತ್ತದೆ, ಹೊಲ ಬಿಡಬೇಕು. ಮಾಣಿಕಮ್ಮ ಜೀವನವಿಡೀ ಲಾವಣಿ ಹೊಲದಲ್ಲೇ ಬೆವರು ಸುರಿಸಿದವಳು. ಅವಳ ಮುಖ ನೋಡಿ ನಾನು ದೊಡ್ಡ ಜಾಣೆಯಂತೆ ಹೇಳಿದೆ: "ತಿಂಗಳಿಂದು ಅಂದ್ರ ಲಾವಣಿ ಇದ್ದಂಗ, ತಂಗಿ. ರೊಕ್ಕ ನಿಂತ್ರ ಹೊಲ ಹೋತು. ಲಾವಣಿ ಬ್ಯಾಡ, ಖರೀದಿ ಮಾಡು."

ಖರೀದಿ ಎಂಬ ಮಾತಿಗೆ ಮಾಣಿಕಮ್ಮನ ಕಣ್ಣು ಅರಳಿತು. ಸೆರಗಿನ ಗಂಟು ಬಿಚ್ಚಿ ಅವಳೇ ಹಣ ಕೊಟ್ಟಳು. ರಾಧಿಕಾಳಿಗೆ ಇಮೇಲ್ ಇರಲಿಲ್ಲ. ಎಲ್ಲ ಗಿರಾಕಿಗಳಿಗೆ ಮಾಡುವಂತೆ ನನ್ನ ಸೆಂಟರಿನ ಇಮೇಲ್‌ನಿಂದಲೇ ಖಾತೆ ತೆರೆದೆ. ಷರತ್ತು ಓದದೆ ಟಿಕ್ ಹಾಕಿದ್ದೂ ನಾನೇ.

ಲೈಫ್‌ಟೈಮ್ ಎಂದ ಮೇಲೆ ಅವಸರವೇನು? ರಾಧಿಕಾ ಮೊದಲ ತಿಂಗಳು ದಿನಾ ನೋಡಿದಳು, ಆಮೇಲೆ ವಾರಕ್ಕೊಮ್ಮೆ. ತೊಗರಿ ರಾಶಿ ಬಂತು, ನಾದಿನಿಯ ಬಾಣಂತನ ಬಂತು. ಹನ್ನೆರಡರಲ್ಲಿ ಎಂಟು ಪಾಠ ಮುಗಿದು ನಿಂತುಬಿಟ್ಟಿತು. ಹೊಲ ನಮ್ಮದೇ, ಎಲ್ಲಿಗೆ ಹೋಗುತ್ತದೆ ಎಂದುಕೊಂಡೆವು.

ಈ ವರ್ಷ ಫೆಬ್ರುವರಿಯ ಒಂದು ಗುರುವಾರ ರಾಧಿಕಾ ಏದುಸಿರು ಬಿಡುತ್ತ ಬಂದಳು. ವಾಡಿಯಲ್ಲಿ ಹಾಜಿಮಲಂಗ್ ಎಂಬುವರು ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್ ತೆರೆದಿದ್ದರು. ಒಬ್ಬ ಮೆಕ್ಯಾನಿಕ್ ಬೇಕಿತ್ತು, ಸರ್ಟಿಫಿಕೇಟ್ ಇರಲೇಬೇಕು. ಸೋಮವಾರ ಸಂದರ್ಶನ.

ಆ್ಯಪ್ ತೆರೆದರೆ ಮೇಲೊಂದು ಕೆಂಪು ಪಟ್ಟಿ: ಈ ಭಾನುವಾರ ಸಂಜೆ ಆರಕ್ಕೆ ನಮ್ಮ ಸೇವೆ ಶಾಶ್ವತವಾಗಿ ನಿಲ್ಲುತ್ತದೆ, ಸರ್ಟಿಫಿಕೇಟುಗಳನ್ನು ಇಳಿಸಿಕೊಳ್ಳಿ. ಎರಡು ತಿಂಗಳ ಹಿಂದೆಯೇ ಇಮೇಲ್ ಕಳಿಸಿದ್ದರು. ಅದು ಬಂದದ್ದು ನನ್ನ ಡಬ್ಬಿಗೆ, ಮೂರು ಸಾವಿರ ಪತ್ರಗಳ ನಡುವೆ. ನಾನು ನೋಡಿರಲಿಲ್ಲ.

"ಲೈಫ್‌ಟೈಮ್ ಅಂದಿದ್ರಲ್ಲಕ್ಕ?"

ಆಗ ಷರತ್ತು ಓದಿದೆ. ಲೈಫ್‌ಟೈಮ್ ಎಂದರೆ ಈ ಕೋರ್ಸು ಈ ಆ್ಯಪ್‌ನಲ್ಲಿ ಲಭ್ಯವಿರುವ ತನಕ ಎಂದು ಬರೆದಿತ್ತು. "ನಿನ್ನ ಜೀವ ಅಲ್ಲವ್ವ, ಕೋರ್ಸಿನ ಜೀವ," ಎಂದೆ. ಹೇಳುವಾಗ ನನ್ನ ಮೇಲೆಯೇ ಸಿಟ್ಟು ಬಂತು.

ಪರೀಕ್ಷೆ ಪಾಸಾದರಷ್ಟೇ ಸರ್ಟಿಫಿಕೇಟು. ರಾಧಿಕಾ ಮೂರು ದಿನ ಝೆರಾಕ್ಸ್ ಯಂತ್ರದ ಪಕ್ಕದ ಸ್ಟೂಲ್ ಬಿಟ್ಟು ಏಳಲಿಲ್ಲ. ಶನಿವಾರ ಮಧ್ಯಾಹ್ನ ನೂರಕ್ಕೆ ಎಪ್ಪತ್ತೆಂಟು ಬಂತು. ಇಬ್ಬರೂ ಕೈ ಕೈ ಹಿಡಿದುಕೊಂಡೆವು. ಪ್ರಿಂಟ್ ಹೊರಬಂತು. ಬಂಗಾರದ ಬಣ್ಣದ ಅಂಚು, ಮೂಲೆಯಲ್ಲಿ ಕ್ಯೂಆರ್ ಕೋಡ್, ನಡುವೆ ದಪ್ಪ ಅಕ್ಷರದಲ್ಲಿ ಹೆಸರು: ಅಂಬಿಕಾ.

ಖಾತೆ ನನ್ನ ಹೆಸರಿನದಲ್ಲವೇ, ಸರ್ಟಿಫಿಕೇಟಿಗೆ ಅದೇ ಹೆಸರು ಹೋಗಿತ್ತು. ಪರೀಕ್ಷೆಗೆ ಮುಂಚೆ ಬದಲಿಸಬಹುದಿತ್ತಂತೆ. ಒಮ್ಮೆ ಕೊಟ್ಟ ಮೇಲೆ ಸಹಾಯವಾಣಿಗೆ ಬರೆಯಬೇಕು, ಏಳು ಕೆಲಸದ ದಿನ ಕಾಯಬೇಕು. ಬರೆದೆ. ಮುಚ್ಚುವ ಅಂಗಡಿಯಲ್ಲಿ ಉತ್ತರ ಕೊಡುವವರು ಯಾರು? ರಾಧಿಕಾ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಕಾಗದ ಮಡಿಸಿ ಚೀಲದಲ್ಲಿ ಇಟ್ಟುಕೊಂಡಳು, ಅಷ್ಟೆ.

ಸೋಮವಾರ ಅಂಗಡಿ ಮುಚ್ಚಿ ನಾನೂ ವಾಡಿಗೆ ಹೋದೆ. ಹಾಜಿಮಲಂಗ್ ಸಾಹೇಬರು ಕನ್ನಡಕ ಏರಿಸಿ ಕಾಗದ ನೋಡಿದರು. ಮೊಬೈಲ್ ಹಿಡಿದು ಕ್ಯೂಆರ್ ಕೋಡ್ ನೋಡಿದರು. ಪುಟ ತೆರೆಯಲಿಲ್ಲ. ಆ್ಯಪ್ ಹಿಂದಿನ ಸಂಜೆಯೇ ಮುಚ್ಚಿತ್ತು.

"ಅಂಬಿಕಾ ಯಾರ್ರಿ?"

"ನಾನ್ರಿ ಸಾಹೇಬ್ರ. ನನಗ ಪಾನಾ, ಸ್ಕ್ರೂಡ್ರೈವರ್ ಹಿಡಿಯಾಕೂ ಬರಂಗಿಲ್ಲ. ಕಲ್ತಾಕಿ ಇಕಿ. ತಪ್ಪು ನಂದು."

ಅವರು ನಕ್ಕರು, ಆಮೇಲೆ ರಾಧಿಕಾಳನ್ನು ಪ್ರಶ್ನೆ ಕೇಳಿದರು. ವೈರಿಂಗ್, ಮೋಟಾರ್, ಕಂಟ್ರೋಲರ್, ಎಲ್ಲಕ್ಕೂ ತಡವರಿಸದೆ ಹೇಳಿದಳು. ಲಿಥಿಯಂ ಬ್ಯಾಟರಿಯ ಒಳಗೆ ಕೂತು ಅದರ ಕಾವು, ಚಾರ್ಜು ಹತೋಟಿಯಲ್ಲಿಡುವ ಬಿಎಂಎಸ್ ಬೋರ್ಡಿನ ಬಗ್ಗೆ ಕೇಳಿದಾಗ, "ಅದು ಕಲ್ತಿಲ್ರಿ," ಎಂದಳು. ನಾವು ಖರೀದಿಸಿದ ಪಾಠದಲ್ಲಿ ಇದ್ದದ್ದು ಹಳೆಯ ಲೆಡ್ ಆ್ಯಸಿಡ್ ಬ್ಯಾಟರಿ. ಎರಡು ವರ್ಷದಲ್ಲಿ ಒಂದು ಪಾಠವನ್ನೂ ಹೊಸದು ಮಾಡಿರಲಿಲ್ಲ. ನೋಡಲು ಬಿಡುತ್ತೇವೆ ಎಂದಿದ್ದರೇ ಹೊರತು ಹೊಸದು ಸೇರಿಸುತ್ತೇವೆ ಎಂದು ಎಲ್ಲಿಯೂ ಬರೆದಿರಲಿಲ್ಲ.

"ಕೈ ಚಲೋ ಅದ ನಿನ್ನದು, ಬೇಟಿ," ಎಂದರು ಸಾಹೇಬರು. "ಆದ್ರ ಕಂಪನಿಗೆ ಕಾಗದ ಕಳಸಬೇಕು ನಾ. ಮುಂದಿನ ತಿಂಗಳ ಮುಗಿಯೂದ್ರಾಗ ನಿನ್ನ ಹೆಸರಿಂದು ತಂದು ಕೊಡು, ಲಿಥಿಯಂ ಕಲ್ತಿರಬೇಕು. ಅಲ್ಲೀತನ ಜಗಾ ಹಿಡದಿಡ್ತೀನಿ. ಆಮ್ಯಾಲ ನನ್ನ ಕೈಯಾಗ ಇಲ್ಲ."

ಭಂಕೂರಿಗೆ ಹೋಗಿ ಮಾಣಿಕಮ್ಮನಿಗೆ ಎಲ್ಲ ಹೇಳಿದೆ. ಅವಳ ಐದು ಸಾವಿರ ಹಾಳಾಗಿತ್ತು. ಕಾಲಿಗೆ ಬೀಳುವುದೊಂದೇ ಬಾಕಿ. ಅವಳು ತೊಗರಿ ಹಸನು ಮಾಡುತ್ತಲೇ ಕೇಳಿಸಿಕೊಂಡಳು.

"ಅಕ್ಕೋರೇ, ಲಾವಣಿ ಹೊಲದಾಗ ನಾ ಒಂದು ಸಾಲೂ ಬೀಳ ಬಿಟ್ಟಿಲ್ಲ. ಯುಗಾದಿ ಎದುರಿಗೇ ಇರ್ತಿತ್ತು. ಇಕಿಗಿ ಖರೀದಿ ಅಂದ್ರಿ, ಇಕಿ ಮಲಗಿದಳು. ಈಗ ಲಾವಣಿನೇ ಹಿಡೀರಿ. ತಿಂಗಳದಾಗ ಪೂರಾ ಪೀಕ ತಗೀತಾಳ."

ಆ ದಿನವೇ ಬೇರೊಂದು ಆ್ಯಪ್ ಹುಡುಕಿದೆವು. ಈ ಸಲ ಷರತ್ತನ್ನು ಗಟ್ಟಿಯಾಗಿ ಓದಿದೆ. ಏಳು ದಿನದ ಪುಕ್ಕಟೆ ನೋಟಕ್ಕೆ ಸರ್ಟಿಫಿಕೇಟಿಲ್ಲ, ತಿಂಗಳ ಹಣ ಕಟ್ಟಿದವರಿಗೆ ಇದೆ. ಚಂದಾ ಇರುವ ತನಕ ಹೊಸ ಪಾಠಗಳೂ ಸೇರುತ್ತವೆ. ನಿಲ್ಲಿಸಿದರೆ ಕಟ್ಟಿದ ತಿಂಗಳು ಮುಗಿದ ಮೇಲೆ ಪಾಠಕ್ಕೆ ಬೀಗ, ಗಳಿಸಿದ ಸರ್ಟಿಫಿಕೇಟು ಮಾತ್ರ ಖಾತೆಯಲ್ಲಿ ಉಳಿಯುತ್ತದೆ. ರಾಧಿಕಾ ತನ್ನದೇ ಇಮೇಲ್ ಮಾಡಿಕೊಂಡಳು, ಆಧಾರಿನಲ್ಲಿ ಇದ್ದಂತೆ ಪೂರ್ತಿ ಹೆಸರು ಬರೆದಳು. ನಾನು ಮೌಸ್ ಮುಟ್ಟಲಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಮೂವತ್ತನೆಯ ದಿನಕ್ಕೆ ಮಾಣಿಕಮ್ಮ ಕುಂಕುಮದ ಬೊಟ್ಟು ಇಟ್ಟಳಂತೆ. ಸೊಸೆಗೆ ರೊಟ್ಟಿ ಬಡಿಯಲೂ ಬಿಡಲಿಲ್ಲವಂತೆ. ಇಪ್ಪತ್ತನಾಲ್ಕನೆಯ ದಿನ ಪರೀಕ್ಷೆ ಮುಗಿಯಿತು. ಮೊದಲು ಸರ್ಟಿಫಿಕೇಟು ಇಳಿಸಿ ಪೆನ್‌ಡ್ರೈವಿಗೆ ಹಾಕಿದೆವು, ಮೂರು ಪ್ರತಿ ತೆಗೆದೆವು. ಆಮೇಲೆ ಚಂದಾ ನಿಲ್ಲಿಸಿ, ಹಣ ತಾನಾಗಿ ಕಡಿತವಾಗದಂತೆ ಫೋನಿನಲ್ಲಿ ಆಟೋಪೇ ರದ್ದು ಮಾಡಿದಳು. ಉಳಿದ ಆರು ದಿನವೂ ಬಿಡದೆ ಬ್ಯಾಟರಿ ಪಾಠಗಳನ್ನೇ ತಿರುಗಿ ನೋಡಿದಳು.

ವಾಡಿಗೆ ಮತ್ತೆ ಇಬ್ಬರೂ ಹೋದೆವು. ಸಾಹೇಬರು ಕೋಡ್‌ಗೆ ಮೊಬೈಲ್ ಹಿಡಿದರು. ಪುಟ ತೆರೆಯಿತು. ರಾಧಿಕಾ ದಶರಥ ಎಂದು ಗಟ್ಟಿಯಾಗಿ ಓದಿ, ಬಿಎಂಎಸ್ ಬಗ್ಗೆ ಅದೇ ಪ್ರಶ್ನೆ ಕೇಳಿದರು. ಅವಳು ಮೇಜಿನ ಮೇಲಿದ್ದ ಬ್ಯಾಟರಿ ಬಿಚ್ಚಿ ಬೋರ್ಡನ್ನೇ ತೋರಿಸಿದಳು. ಸಾಹೇಬರು ಡ್ರಾಯರ್‌ನಿಂದ ವರ್ಕ್‌ಶಾಪಿನ ಬೀಗದ ಕೈ ತೆಗೆದು ಅವಳ ಮುಂದಿಟ್ಟರು. ಬಾಗಿಲ ಬಳಿ ನಿಂತ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

"ಮತ್ತ ಆ ಅಂಬಿಕಾ ಮೆಕ್ಯಾನಿಕ್ ಏನಾದ್ರು?"

ರಾಧಿಕಾ ತಲೆ ಎತ್ತದೆ ಸ್ಕ್ರೂ ತಿರುಗಿಸುತ್ತ ಹೇಳಿದಳು: "ಅವರದು ಲೈಫ್‌ಟೈಮ್ ಮುಗೀತ್ರಿ."

ನಾನು ಜೋರಾಗಿ ನಕ್ಕೆ. ಒಂದು ತಿಂಗಳಿಂದ ಅವಳು ಬೈಯಲಿ ಎಂದು ಕಾದಿದ್ದೆ, ಬೈದುಬಿಟ್ಟಳು. ಕಣ್ಣು ತುಂಬಿ ಬಂದು, ಹೊರಗೆ ಹೋಗಿ ಮೂವರಿಗೂ ಚಹಾ ಹೇಳಿದೆ.