ನೆಲಹಾಸಿನ ಕೆಳಗಿನ ನರ್ತಕಿ

ಮನೆಯವರೆಲ್ಲ ಅವಳನ್ನು ಕಲ್ಲಮ್ಮ ಎನ್ನುತ್ತಿದ್ದರು. ಮದುವೆಗೆ ಹೋದರೂ ಊಟಕ್ಕೆ ಕೂರುವ ಮೊದಲು ಹತ್ತಿರದಲ್ಲಿ ಶಾಸನ ಇದೆಯೇ ಎಂದು ವಿಚಾರಿಸುವವಳಿಗೆ ಇನ್ನೆಂಥ ಹೆಸರು ಬಂದೀತು? ಅರ್ಧ ಆಯಸ್ಸನ್ನು ಅವಳು ಒಬ್ಬ ಆಸ್ಥಾನ ನರ್ತಕಿಯ ಹಿಂದೆ ಸವೆಸಿದ್ದಳು. ಆ ನರ್ತಕಿಯ ಬಗ್ಗೆ ಗೊತ್ತಿದ್ದದ್ದೆಲ್ಲ ಮೂರು ದೇವಾಲಯಗಳ ಮೂರು ಕಲ್ಲುಗಳಲ್ಲಿತ್ತು. ಒಂದು, ರಾಜ ಪಟ್ಟಕ್ಕೆ ಬಂದ ನಾಲ್ಕನೆಯ ವರ್ಷದ್ದು, ಇನ್ನೊಂದು ಹದಿನೈದನೆಯದು, ಕಡೆಯದು ಮೂವತ್ತೊಂದನೆಯದು. ಮೂರರಲ್ಲೂ ಅದೇ ಹೆಸರು, ಮೂರರಲ್ಲೂ ‘ಅರಸನ ಮನ ಗೆದ್ದವಳು’ ಎಂಬ ಹೊಗಳಿಕೆ. ಕಲ್ಲಮ್ಮ ಮೂರನ್ನೂ ಪೋಣಿಸಿ ಒಂದು ಬದುಕು ಕಟ್ಟಿದ್ದಳು: ಹರೆಯದಲ್ಲಿ ಆಸ್ಥಾನಕ್ಕೆ ಬಂದಳು, ರಾಜನಿಗೆ ಒಲಿದಳು, ತನ್ನ ತೋಟವನ್ನು ದೇವರಿಗೆ ಬಿಟ್ಟಳು, ತಲೆ ನೆರೆಯುವವರೆಗೂ ಕುಣಿದಳು. ಪುಸ್ತಕ ಮುದ್ರಣಾಲಯದಲ್ಲಿತ್ತು, ಇವಳು ಹೂಂ ಅನ್ನುವುದೊಂದೇ ಬಾಕಿ.

ಆ ಬದುಕಿನ ಮೇಲೆ ಕಲ್ಲಮ್ಮನ ಚಿಕ್ಕಮ್ಮನಿಗೂ ಅಷ್ಟೇ ಹಕ್ಕಿತ್ತು. ನೃತ್ಯ ಕಲಿಸುವ ಆಕೆ ಆ ಕಥೆಯನ್ನೇ ರಂಗಕ್ಕೆ ತಂದು ಹೆಸರು ಮಾಡಿದ್ದಳು. ರಾಜನ ದಾರಿ ಕಾಯುವ ಪ್ರೇಮದ ಪದಕ್ಕೆ ಅವಳು ಹುಬ್ಬು ಹಾರಿಸಿದರೆ ಮುಂದಿನ ಸಾಲಿನ ಮುದುಕರೂ ನೆಟ್ಟಗೆ ಕೂರುತ್ತಿದ್ದರು.

ಮೊದಲನೆಯ ಕಲ್ಲು ಗರ್ಭಗುಡಿಯ ಬಾಗಿಲ ಪಕ್ಕ ನಿಂತಿತ್ತು. ಮುಂದೆಂದೋ ನೆಲ ಎತ್ತರಿಸಿದಾಗ ಅದರ ಬುಡ ಹೂತುಹೋಗಿತ್ತು. ಆ ಬಗ್ಗೆ ಕಲ್ಲಮ್ಮ ತಲೆ ಕೆಡಿಸಿಕೊಂಡವಳೇ ಅಲ್ಲ. ದಾನಶಾಸನದ ಕೊನೆಗೆ ಇರುವುದು ಶಾಪ ತಾನೇ? ದಾನ ಕೆಡಿಸಿದವನು ನರಕಕ್ಕೆ ಹೋಗಲಿ ಎನ್ನುವುದನ್ನು ಓದಲು ನೆಲ ಅಗೆಯಬೇಕೇ? ಅವಳ ಕಸುಬಿನವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಈಗ ತೇವ ಏರುತ್ತಿದೆಯೆಂದು ನೆಲಹಾಸು ಕಿತ್ತಿದ್ದರು. ಹೊಸ ಚಪ್ಪಡಿ ಕೂರಿಸುವ ಮೊದಲು ಒಂದು ಅಚ್ಚು ತೆಗೆದುಬಿಡೋಣವೆಂದು ಅವಳು ಹೊರಟಾಗ ಚಿಕ್ಕಮ್ಮನೂ ಬೆನ್ನು ಹತ್ತಿದಳು.

ಕಲ್ಲಮ್ಮ ಗುಂಡಿಗೆ ಇಳಿದು ಮಣ್ಣು ಉಜ್ಜಿ ತೊಳೆದಳು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಅಕ್ಷರದ ಕುಳಿಯೊಳಗೆ ಕಾಗದ ಇಳಿಯುವಂತೆ ಬಿರುಸು ಬ್ರಷ್ಷಿನಿಂದ ತಟ್ಟಿದಳು.

“ಏನೇ ಇದು, ನಾನು ತಾಳ ಹಾಕಿದ್ರೂ ಇಷ್ಟು ಸದ್ದು ಬರಲ್ಲ,” ಎಂದಳು ಚಿಕ್ಕಮ್ಮ.

“ಕಾಗದ ಹರಿದ್ರೆ ನಿನ್ನ ನಾಯಕಿ ಮೂತಿ ತಿರುಗಿಸ್ತಾಳೆ, ಸುಮ್ನಿರು.”

ಕಾಗದ ಅರೆ ಒಣಗಿದ ಮೇಲೆ ಮಸಿ ಅದ್ದಿದ ಬಟ್ಟೆಯ ಉಂಡೆಯನ್ನು ಮೆಲ್ಲಗೆ ಒತ್ತುತ್ತ ಬಂದಳು. ಮೇಲ್ಮೈ ಕಪ್ಪಾಯಿತು, ಕುಳಿಗಿಳಿದ ಅಕ್ಷರಗಳು ಬೆಳ್ಳಗೆ ಉಳಿದವು. ಶಾಪವನ್ನು ಕಣ್ಣಲ್ಲೇ ಹಾರಿಸಿಬಿಡಲು ಹೋದವಳ ಕೈ ನಿಂತುಬಿಟ್ಟಿತು. ಅಲ್ಲಿ ಶಾಪವೇ ಇರಲಿಲ್ಲ. ಕಾಗದವನ್ನು ನಂಬದೆ ಅದನ್ನು ಬಿಡಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಕಲ್ಲನ್ನೇ ಓದಿದಳು. ಮತ್ತೆ ಓದಿದಳು.

“ಏನಂತೆ?”

“ತೋಟ ಅವಳು ಕೊಟ್ಟಿದ್ದಲ್ಲ ಚಿಕ್ಕಮ್ಮಾ. ರಾಜ ಬಿಟ್ಟಿದ್ದು. ಅವಳು ಸತ್ತ ಮೇಲೆ.”

“ನಾಲ್ಕನೇ ವರ್ಷದ ಕಲ್ಲು ಅಲ್ವೇ ಇದು? ಇನ್ನೆರಡು ಕಲ್ಲಲ್ಲಿ ಬದುಕಿದ್ಲಲ್ಲ?”

“ಅವಳಲ್ಲ. ಹೆಸರು ಸಾಯಬಾರದು ಅಂತ ಇನ್ನೊಬ್ಬಳನ್ನ ತಂದು ಅದೇ ಹೆಸರು ಇಟ್ಟಿದಾರೆ. ಅವಳೂ ಹೋದ್ರೆ ಮತ್ತೊಬ್ಬಳು. ತೋಟದ ಫಲ ಆ ಜಾಗದಲ್ಲಿ ಇರೋಳ ಊಟಕ್ಕೆ.” ಟಾರ್ಚನ್ನು ಮತ್ತೆ ಮೇಲಿನ ಸಾಲಿಗೆ ಹಿಡಿದಳು. “ಈ ಮೊದಲನೇವಳು ಸತ್ತಾಗ ಅವಳಿಗೆ ಒಂಬತ್ತು ವರ್ಷ.”

ಚಿಕ್ಕಮ್ಮ ಗುಂಡಿಯ ಅಂಚಿನಲ್ಲಿ ಕೂತಳು. ಕಲ್ಲಮ್ಮನಿಗೆ ತನ್ನ ಪುಸ್ತಕದ ಪುಟಗಳು ಒಂದೊಂದಾಗಿ ಕಣ್ಣಿಗೆ ಕಟ್ಟಿದವು. ‘ಅರಸನ ಮನ ಗೆದ್ದವಳು’ ಎಂಬ ಕವಿಯ ಮಾಮೂಲಿ ಮಾತಿಗೆ ಮರುಳಾಗಿ ತಾನೇ ಒಂದು ಅಧ್ಯಾಯ ಪೂರ್ತಿ ಪ್ರಣಯ ಬರೆದಿದ್ದಳು. ಎಳೆ ಮಗುವಿನ ಮೇಲೆ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಆ ಪದಕ್ಕೆ ಹುಬ್ಬು ಹಾರಿಸಿ ಕುಣಿದೆನಲ್ಲೇ,” ಎಂದಳು ಚಿಕ್ಕಮ್ಮ. “ಜನ ಚಪ್ಪಾಳೆ ತಟ್ಟಿದ್ರು.”

ಮುದ್ರಣಾಲಯದವನ ಫೋನು ಬಂತು. “ಶುರು ಮಾಡ್ಲಾ ಮೇಡಂ?”

“ನಿಲ್ಸಿ. ಅಂಥವಳು ಯಾರೂ ಇರ್ಲಿಲ್ಲ.” ಅವನು ಏನೋ ಕೇಳುತ್ತಿದ್ದ, ಅವಳು ಫೋನು ಇಟ್ಟಳು.

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಗ್ಗಿ ನೋಡಿದಳು. “ಆ ಮಗೂದು ಸ್ವಂತ ಹೆಸರು ಏನಂತೆ? ಅಮ್ಮ ಇಟ್ಟಿದ್ದು?”

“ಬರೆದಿಲ್ಲ.”

“ಆಮೇಲಿನವರದು?”

ಕಲ್ಲಮ್ಮ ಬೆಳಕನ್ನು ಕೆಳಗಿಳಿಸಿದಳು. ಅಲ್ಲಿನ ಸಾಲುಗಳು ಬೇರೆ ಬೇರೆ ಕೈಯವು. ಕೆಳಗೆ ಹೋದಂತೆ ಅಕ್ಷರದ ತಲೆಕಟ್ಟು ಬದಲಾಗುತ್ತಿತ್ತು. ಒಂದು ಕಾಲದಲ್ಲಿ ಕೊರೆದದ್ದಲ್ಲ, ತಲೆಮಾರುಗಳೇ ಕಳೆದಿದ್ದವು. ಪ್ರತಿ ಸಾಲಿನಲ್ಲೂ ಒಂದು ವರ್ಷ, ಒಬ್ಬ ಹುಡುಗಿಯ ವಯಸ್ಸು, ಮತ್ತೆ ಅದೇ ಹೆಸರು.

“ಅದರ ಕೆಳಗೆ?” ಎಂದಳು ಚಿಕ್ಕಮ್ಮ.

ಕೆಳಗೆ ಅಕ್ಷರ ಇರಲಿಲ್ಲ. ಕಲ್ಲುಕುಟಿಗ ಅಳತೆ ಹಿಡಿದು, ಒಂದರ ಕೆಳಗೊಂದರಂತೆ, ಕಲ್ಲಿನ ಬುಡದವರೆಗೂ ನೇರ ಗೆರೆಗಳನ್ನು ಎಳೆದಿದ್ದ.

“ಖಾಲಿ ಚಿಕ್ಕಮ್ಮಾ,” ಎಂದಳು ಕಲ್ಲಮ್ಮ. “ಮುಂದೆ ಬರೋ ಮಕ್ಕಳಿಗೆ ಜಾಗ ಬಿಟ್ಟಿದಾರೆ.”